ಸಬ್‌ಸ್ಕ್ರೈಬರ್ ಸಂಖ್ಯೆ ನಿಂತಲ್ಲೇ ನಿಂತಿದೆಯಾ? ಬದಲಿಸಬೇಕೋ, ಬಿಡುವು ಬೇಕೋ, ಮುಂದುವರಿಸಬೇಕೋ ತಿಳಿಯುವುದು ಹೀಗೆ

ಮೂಡಿಗೆರೆ ಕಡೆಯ ನನ್ನ ಗೆಳೆಯನೊಬ್ಬ ಕಾಫಿ ತೋಟದ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ಎರಡು ವರ್ಷದಲ್ಲಿ 14,000 ಸಬ್‌ಸ್ಕ್ರೈಬರ್ ಆದರು. ಆಮೇಲೆ ಐದು ತಿಂಗಳು ಆ ಸಂಖ್ಯೆ ಕದಲಲೇ ಇಲ್ಲ. ಗಾಬರಿಯಾಗಿ, ವಾರಕ್ಕೆ ಒಂದು ವಿಡಿಯೊ ಹಾಕುತ್ತಿದ್ದವನು ಮೂರು ಹಾಕತೊಡಗಿದ. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಬಂತು. ಹಗಲೆಲ್ಲ ಆಳುಗಳ ಜೊತೆ ತೋಟ, ರಾತ್ರಿ ಹನ್ನೆರಡರವರೆಗೆ ಎಡಿಟಿಂಗ್. ಡಿಸೆಂಬರ್‌ನಲ್ಲಿ ಮನೆಗೆ ಬಂದವನು, “ಇನ್ಮೇಲೆ ಬರೀ ಶಾರ್ಟ್ಸ್ ಹಾಕ್ತೀನಿ, ಇಲ್ಲಾಂದ್ರೆ ಚಾನೆಲ್ಲೇ ಮುಚ್ತೀನಿ” ಅಂದ.

ಅವನ ಮಾತಿನಲ್ಲಿ ಎರಡು ಪ್ರಶ್ನೆಗಳು ಕಲೆತುಹೋಗಿದ್ದವು. ಚಾನೆಲ್ ಯಾಕೆ ನಿಂತಿದೆ ಅನ್ನುವುದು ಒಂದು. ನಾನು ಎಷ್ಟು ದಣಿದಿದ್ದೇನೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಯೂಟ್ಯೂಬ್ ಸ್ಟುಡಿಯೊದಲ್ಲಿದೆ, ಎರಡನೆಯದಕ್ಕೆ ಅಲ್ಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲು: ನಿಜವಾಗಿಯೂ ನಿಂತಿದೆಯಾ?

ಹಾಸನದ ಕಡೆ ಆಲೂಗಡ್ಡೆ ಬಿತ್ತನೆ ಮೇ-ಜೂನ್‌ನಲ್ಲಿ ನಡೆಯುತ್ತದೆ. ಬಿತ್ತನೆ ಗೆಡ್ಡೆಯ ಬಗ್ಗೆ ಮಾಡಿದ ವಿಡಿಯೊವನ್ನು ಆಗ ಜನ ಹುಡುಕಿ ನೋಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಯಾಕೆ ನೋಡುತ್ತಾರೆ? ಕಳೆದ ತಿಂಗಳಿಗೆ ಈ ತಿಂಗಳನ್ನು ಹೋಲಿಸಿದರೆ ಅದು ಕುಸಿತದಂತೆ ಕಾಣುತ್ತದೆ, ಆದರೆ ಅದು ಹಂಗಾಮು ಅಷ್ಟೇ. ಹಾಗಾಗಿ ಸ್ಟುಡಿಯೊದ ಅನಾಲಿಟಿಕ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಮೋಡ್‌ನಲ್ಲಿ ಕಳೆದ 90 ದಿನವನ್ನು ಹಿಂದಿನ ವರ್ಷದ ಅದೇ 90 ದಿನದ ಪಕ್ಕ ಇಟ್ಟು ನೋಡಿ. ಹಂಗಾಮಿನ ಇಳಿತವಾದರೆ ಏನನ್ನೂ ಬದಲಿಸಬೇಡಿ, ಹಾಕುತ್ತಾ ಹೋಗಿ.

ಗೆಳೆಯನ ಲೆಕ್ಕದಲ್ಲಿ ಹಿಂದಿನ ವರ್ಷಕ್ಕಿಂತಲೂ ಕಡಿಮೆ ಇತ್ತು. ಅಂದರೆ ಇದು ಹಂಗಾಮಲ್ಲ.

ಆಮೇಲೆ: ಹನ್ನೆರಡು ವಿಡಿಯೊ, ಒಂದು ನೋಟ್‌ಬುಕ್

ಒಂದು ವಿಡಿಯೊ ಬಿದ್ದುಹೋಯಿತು ಅಂತ ತೀರ್ಮಾನ ಮಾಡಬಾರದು, ಒಂದು ಓಡಿತು ಅಂತಲೂ ಮಾಡಬಾರದು. ಕೊನೆಯ ಹನ್ನೆರಡು ವಿಡಿಯೊ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಅಂಕಿ ಬರೆಯಿರಿ. ಎಷ್ಟು ಸಲ ಯೂಟ್ಯೂಬ್ ಅದರ ಥಂಬ್‌ನೇಲನ್ನು ಜನರ ಮುಂದಿಟ್ಟಿತು, ಅದು ಇಂಪ್ರೆಷನ್. ನೋಡಿದವರಲ್ಲಿ ಶೇಕಡಾ ಎಷ್ಟು ಜನ ಒತ್ತಿದರು, ಅದು ಕ್ಲಿಕ್ ರೇಟ್. ಒತ್ತಿದವರಲ್ಲಿ ಎಷ್ಟು ಜನ 30ನೇ ಸೆಕೆಂಡಿಗೆ ಇನ್ನೂ ಇದ್ದರು, ಅದು ರಿಟೆನ್ಷನ್ ಗ್ರಾಫ್‌ನಲ್ಲಿ ಸಿಗುತ್ತದೆ. ಎಲ್ಲ ವಿಡಿಯೊಗಳಿಗೂ ಹಾಕಿದ ಮೊದಲ ಏಳು ದಿನದ ಲೆಕ್ಕವನ್ನೇ ತೆಗೆದುಕೊಳ್ಳಿ. ಹಳೆಯದಕ್ಕೂ ಹೊಸದಕ್ಕೂ ಆಗಲೇ ಹೋಲಿಕೆ ಸರಿಯಾಗುತ್ತದೆ.

ಇಂಪ್ರೆಷನ್ ಮಾತ್ರ ಇಳಿದು ಉಳಿದೆರಡು ಹಾಗೇ ಇದ್ದರೆ, ನಿಮ್ಮ ರೀತಿ ಸರಿಯಾಗಿದೆ, ವಿಷಯ ಹಳತಾಗಿದೆ. ಅದೇ ರೀತಿಯಲ್ಲಿ ಹೊಸ ವಿಷಯ ಎತ್ತಿಕೊಂಡು ಮುಂದುವರಿಸಿ. ಕ್ಲಿಕ್ ರೇಟ್ ಮಾತ್ರ ಇಳಿದರೆ ಶೀರ್ಷಿಕೆ ಮತ್ತು ಥಂಬ್‌ನೇಲ್ ಕೆಲಸ ಮಾಡುತ್ತಿಲ್ಲ. ಅದಕ್ಕಾಗಿ ಇಡೀ ಚಾನೆಲ್ ಬದಲಿಸಬೇಕಾಗಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆ. ಯೂಟ್ಯೂಬೇ ಹೇಳುವಂತೆ ಅರ್ಧದಷ್ಟು ಚಾನೆಲ್‌ಗಳ ಕ್ಲಿಕ್ ರೇಟ್ ಶೇಕಡಾ 2ರಿಂದ 10ರ ನಡುವೆ ಇರುತ್ತದೆ. ವಿಡಿಯೊ ಹೊಸ ಹೊಸ ಜನರ ಮುಂದೆ ಹೋದಾಗ ಈ ಅಂಕಿ ತಾನಾಗೇ ಸ್ವಲ್ಪ ಇಳಿಯುತ್ತದೆ. ಇಂಪ್ರೆಷನ್ ಏರುತ್ತಾ ಕ್ಲಿಕ್ ರೇಟ್ ಇಳಿದರೆ ಭಯಪಡಬೇಡಿ.

ಕ್ಲಿಕ್ ರೇಟ್ ಹಾಗೇ ಇದ್ದು 30ನೇ ಸೆಕೆಂಡಿನ ಅಂಕಿ ಇಳಿದಿದ್ದರೆ ಮಾತ್ರ ತೊಂದರೆ ವಿಡಿಯೊ ಒಳಗೇ ಇದೆ. ಗೆಳೆಯನದು ಇದೇ ಆಗಿತ್ತು. ಕ್ಲಿಕ್ ರೇಟ್ ಐದರ ಆಸುಪಾಸಿನಲ್ಲೇ ನಿಂತಿತ್ತು. ಮೊದಲ ವಿಡಿಯೊಗಳಲ್ಲಿ 30ನೇ ಸೆಕೆಂಡಿಗೆ ನೂರಕ್ಕೆ 66 ಜನ ಉಳಿಯುತ್ತಿದ್ದರು, ಕೊನೆಯವುಗಳಲ್ಲಿ 45. ಇಬ್ಬರೂ ಕೂತು ಆ ವಿಡಿಯೊಗಳನ್ನು ನೋಡಿದೆವು. ಡ್ರೋನ್ ಶಾಟ್, ಹಾಡು, “ನಮಸ್ಕಾರ ಸ್ನೇಹಿತರೇ”, ಇವತ್ತು ಮಳೆ ಬಂತು, ಆಳು ಬರಲಿಲ್ಲ. ವಿಷಯ ಶುರುವಾಗುವ ಹೊತ್ತಿಗೆ ಒಂದೂವರೆ ನಿಮಿಷ ಕಳೆದಿರುತ್ತಿತ್ತು. ಅವನು ಸುಮ್ನೆ ನೋಡುತ್ತಾ ಕೂತ. ಆಮೇಲೆ ಹೇಳಿದ, “ವಾರಕ್ಕೆ ಮೂರು ಆದ್ಮೇಲೆ ಹೇಳೋಕೆ ಏನೂ ಇರ್ತಿರ್ಲಿಲ್ಲ. ಎಳೀತಿದ್ದೆ.”

ಸಂಖ್ಯೆ ನಿಂತಿತು ಅಂತ ಜಾಸ್ತಿ ಹಾಕಿದ. ಜಾಸ್ತಿ ಹಾಕಿದ್ದರಿಂದ ದಣಿದ. ದಣಿದಿದ್ದರಿಂದ ವಿಡಿಯೊ ಸಡಿಲವಾಯಿತು, ಸಂಖ್ಯೆ ಇನ್ನೂ ಗಟ್ಟಿಯಾಗಿ ನಿಂತಿತು.

ನಿಮ್ಮ ದಣಿವನ್ನೂ ಅಳೆಯಿರಿ

ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ ಮೂರು ಗುರುತು ಹೇಳುತ್ತದೆ. ಶಕ್ತಿಯೆಲ್ಲ ಬಸಿದುಹೋದಂತಾಗುವುದು. ಕೆಲಸದಿಂದ ಮನಸ್ಸು ದೂರವಾಗುವುದು, ಅದರ ಬಗ್ಗೆ ಕಹಿ ಹುಟ್ಟುವುದು. ಮಾಡಿದ್ದೆಲ್ಲ ಪ್ರಯೋಜನವಿಲ್ಲ ಅನಿಸುವುದು. ವಿಡಿಯೊ ಮಾಡುವವರಲ್ಲಿ ಎರಡನೆಯದು ಬೇಗ ಕಾಣುತ್ತದೆ. ನಿಷ್ಠೆಯಿಂದ ನೋಡುವವರ ಕಾಮೆಂಟ್‌ಗೇ ಸಿಟ್ಟು ಬರುತ್ತದೆ. “ಅಣ್ಣಾ, ಗೊಬ್ಬರ ಯಾವಾಗ ಹಾಕೋದು?” ಅಂತ ಯಾರೋ ಕೇಳಿದ್ದಕ್ಕೆ ಗೆಳೆಯ ಫೋನನ್ನೇ ಮಂಚದ ಮೇಲೆ ಎಸೆದಿದ್ದ.

ಒಂದು ವಿಡಿಯೊಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಎರಡು ವಾರ ಬರೆದಿಡಿ. ಅವನಿಗೆ ಒಂದಕ್ಕೆ ಒಂಬತ್ತು ಗಂಟೆ. ವಾರಕ್ಕೆ 27 ಗಂಟೆ, ಅದೂ ಕೊಯ್ಲಿನ ಕಾಲದಲ್ಲಿ. ಯಾರಿಂದ ಆಗುತ್ತೆ ಹೇಳಿ?

ತೀರ್ಮಾನದ ಕ್ರಮ

ದಣಿವಿನ ಗುರುತುಗಳು ಕಂಡರೆ, ಅಂಕಿ ಏನೇ ಹೇಳಲಿ, ಮೊದಲು ಬಿಡುವು. ದಣಿದ ತಲೆಯಿಂದ ಹೊಸ ರೀತಿ ಹುಟ್ಟುವುದಿಲ್ಲ. ಹುಟ್ಟಿದರೂ ಅದು ಸುಲಭವಾಗಿ ಕಂಡದ್ದಕ್ಕೆ ಓಡುವುದೇ ಆಗಿರುತ್ತದೆ. ಶಾರ್ಟ್ಸ್ ವಿಚಾರ ಹಾಗೇ ಬಂದಿತ್ತು. ಅವನ ಹಳೆಯ ವೀಕ್ಷಕರು ಆಗಲೂ ಮರಳಿ ಬರುತ್ತಿದ್ದರು. ಅವರಿಗೆ ಬೇಕಿದ್ದದ್ದು ತೋಟದ ವಿವರ. ಅದನ್ನು ಶಾರ್ಟ್ಸ್‌ನ ಎರಡು-ಮೂರು ನಿಮಿಷದಲ್ಲಿ ಹೇಳಲು ಆಗುವುದಿಲ್ಲ.

ಬಿಡುವಿಗೆ ಮರಳುವ ದಿನಾಂಕ ಇರಲೇಬೇಕು. ಅದಿಲ್ಲದಿದ್ದರೆ ದಿನವೂ “ಇವತ್ತು ಹಾಕಬೇಕಿತ್ತಲ್ವಾ” ಅನ್ನುವ ಕೊರಗು ಉಳಿಯುತ್ತದೆ. ಅವನು ಫೆಬ್ರವರಿ ಮೊದಲ ವಾರ ಅಂತ ಗೊತ್ತುಮಾಡಿ, ಚಾನೆಲ್‌ನಲ್ಲಿ ಎರಡು ಸಾಲಿನ ಪೋಸ್ಟ್ ಹಾಕಿದ: ಕೊಯ್ಲು ನಡೀತಿದೆ, ಮುಗಿಸಿ ಬರ್ತೀನಿ. ಫೋನ್‌ನಿಂದ ಸ್ಟುಡಿಯೊ ಆ್ಯಪ್ ತೆಗೆದ. ನನ್ನ ಪ್ರಕಾರ ಅದು ವಿಡಿಯೊ ನಿಲ್ಲಿಸಿದ್ದಕ್ಕಿಂತ ದೊಡ್ಡ ಕೆಲಸ. ವಿಡಿಯೊ ನಿಲ್ಲಿಸಿ ಅಂಕಿ ನೋಡುತ್ತಾ ಕೂತರೆ ಅದು ಬಿಡುವಲ್ಲ. ಜಾಹೀರಾತಿನ ಹಣ ಬರುವ ಚಾನೆಲ್‌ನವರು ಒಂದು ಮಿತಿ ನೆನಪಿಡಿ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಿಡಿಯೊ, ಪೋಸ್ಟ್ ಏನೂ ಹಾಕದಿದ್ದರೆ ಯೂಟ್ಯೂಬ್ ಆ ಆದಾಯವನ್ನು ನಿಲ್ಲಿಸಬಹುದು. ಎರಡು ತಿಂಗಳ ಬಿಡುವು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಮರಳಿದ ಮೇಲೆ ಒಂದೇ ಒಂದನ್ನು ಬದಲಿಸಿ. ವಿಷಯ, ಉದ್ದ, ಶೀರ್ಷಿಕೆ ಎಲ್ಲ ಒಟ್ಟಿಗೆ ಬದಲಾದರೆ ಯಾವುದು ಫಲ ಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಅವನು ವಾರಕ್ಕೆ ಒಂದೇ ವಿಡಿಯೊಗೆ ಇಳಿದ. ಅದು ಮೈಗಾಗಿ. ರೀತಿಯಲ್ಲಿ ಮಾಡಿದ ಬದಲಾವಣೆ ಒಂದೇ: ದಿನಚರಿ ಬಿಟ್ಟು, ವಿಡಿಯೊಗೆ ಒಂದೇ ಪ್ರಶ್ನೆ, ಮೊದಲ ಮಾತೇ ಆ ಪ್ರಶ್ನೆ. ಫೆಬ್ರವರಿಯಲ್ಲಿ ಕಾಳುಮೆಣಸನ್ನು ಒಂದು ನಿಮಿಷ ಕುದಿನೀರಿಗೆ ಅದ್ದಿ ಒಣಗಿಸಿದರೆ ಬಣ್ಣ ಹೇಗೆ ಬರುತ್ತದೆ ಅಂತ ತೋರಿಸಿದ. ಮಾರ್ಚ್‌ನಲ್ಲಿ, ಕಾಂಡ ಕೊರೆಯುವ ಬೋರರ್ ದುಂಬಿ ಹಾರುವ ಕಾಲಕ್ಕೆ ಮೊದಲು, ಕಾಂಡದ ಮೇಲಿನ ಉಬ್ಬುಗೆರೆ ನೋಡಿ ಬೋರರ್ ಹೊಕ್ಕ ಕಾಫಿ ಗಿಡ ಗುರುತಿಸುವುದನ್ನು ತೋರಿಸಿದ.

ಎಂಟು ವಿಡಿಯೊ ಆಗುವವರೆಗೆ ತೀರ್ಮಾನ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಎಂಟರ ನಂತರವೂ 30ನೇ ಸೆಕೆಂಡಿನ ಅಂಕಿ ಏಳದಿದ್ದರೆ ಈ ರೀತಿಯನ್ನೂ ಬಿಡುವುದು ಅಂತ. ಅವನದು 61ಕ್ಕೆ ಬಂತು. ಸಬ್‌ಸ್ಕ್ರೈಬರ್ ತಿಂಗಳಿಗೆ ನೂರು-ನೂರೈವತ್ತು ಸೇರುತ್ತಿದ್ದಾರೆ, ಹಳೆಯ ವೇಗ ಇನ್ನೂ ಬಂದಿಲ್ಲ.

ಬಿಡುವು ಮುಗಿದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಅದು ಚಾನೆಲ್ಲಿನ ಮಾತಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.