ಮೂರು ಮೀಟರ್ ಇಳಿಸಿದ ಮೇಲೆ ನಿಂತ ಚಿಮಣಿ

ಪುಣೆಯ ಹತ್ತಿರ ನಮ್ಮವರೊಬ್ಬರ ಹಳೇ ಕಾರ್ಖಾನೆಯಲ್ಲಿ 20 ಮೀಟರ್ ಎತ್ತರ ಇದ್ದ ಇಟ್ಟಿಗೆ ಚಿಮಣಿ ಇದೆ. ಹೊರವ್ಯಾಸ 2.4 ಮೀಟರ್, ಒಳವ್ಯಾಸ 1.6, ಮೇಲಿನವರೆಗೂ ಒಂದೇ ಅಳತೆ. ಈಗ ಹೊಗೆ ಬಿಡೋದಿಲ್ಲ, ಆದ್ರೆ ಕೆಡವೋಕೂ ಮನಸ್ಸಿಲ್ಲ. ಜೋರು ಗಾಳಿಗೆ ನಿಲ್ಲುತ್ತಾ ಅಂತ ಲೆಕ್ಕ ಹಾಕಿದೆ.

ಇಟ್ಟಿಗೆ ಕೆಲಸದ ತೂಕ ಘನಮೀಟರಿಗೆ 20 ಕಿಲೋನ್ಯೂಟನ್ ಹಿಡಿದರೆ ಒಟ್ಟು ಸುಮಾರು 1005 ಕಿಲೋನ್ಯೂಟನ್. ಗಾಳಿ ಒತ್ತಡ ಚದರಮೀಟರಿಗೆ 1.5 ಕಿಲೋನ್ಯೂಟನ್, ದುಂಡಗಿನ ಆಕಾರಕ್ಕೆ 0.7ರಿಂದ ಗುಣಿಸಿದೆ. ಬುಡದಲ್ಲಿ ಮೊಮೆಂಟ್, ಅಂದರೆ ಗಾಳಿ ಚಿಮಣಿಯನ್ನ ಉರುಳಿಸೋಕೆ ನೋಡೋ ಪರಿಣಾಮ, 504 ಕಿಲೋನ್ಯೂಟನ್-ಮೀಟರ್ ಬಂತು. ಅಂದರೆ ಒಟ್ಟು ಬಲ ನಡುವಿನಿಂದ 0.50 ಮೀಟರ್ ಪಕ್ಕಕ್ಕೆ ಬೀಳುತ್ತೆ. ಅಂಚು ಇರೋದು 1.2 ಮೀಟರ್ ದೂರದಲ್ಲಿ, ಹಾಗಾಗಿ ಉರುಳುವಿಕೆಗೆ 2.4 ಪಟ್ಟು ಭದ್ರತೆ. ಇಲ್ಲಿಗೇ ಲೆಕ್ಕ ನಿಲ್ಲಿಸಬಾರದು. ಇಟ್ಟಿಗೆಗಳನ್ನ ಒಂದರಿಂದೊಂದು ಬಿಡಿಸೋ ಎಳೆತ ಬರಬಾರದು ಅಂದರೆ ಆ 0.50 ಮೀಟರ್ ದೂರ ಇದನ್ನ ಮೀರಬಾರದು, D ಹೊರವ್ಯಾಸ, d ಒಳವ್ಯಾಸ:

```
(D² + d²) / (8D) = 0.433
```

ಇಲ್ಲಿ ಮೀರಿದೆ. ಗಾಳಿ ಬೀಸೋ ಕಡೆ ಚದರಮೀಟರಿಗೆ 63 ಕಿಲೋನ್ಯೂಟನ್‌ನಷ್ಟು ಎಳೆತ ಬರುತ್ತೆ. ಹಳೇ ಗಾರೆ ಅದನ್ನ ತಡೆಯುತ್ತೆ ಅಂತ ನಂಬೋಕಾಗಲ್ಲ. ಬಿರುಕು ಬಿಟ್ಟರೆ ಒತ್ತುವ ಜಾಗ ಕಿರಿದಾಗಿ, ಎದುರು ಅಂಚಿನ ಒತ್ತಡ ಸೂತ್ರ ಹೇಳೋ ಚದರಮೀಟರಿಗೆ 863 ಕಿಲೋನ್ಯೂಟನ್‌ಗಿಂತಲೂ ಜಾಸ್ತಿಯಾಗುತ್ತೆ.

ಒಳಗೆ ಗೋಡೆ ದಪ್ಪ ಮಾಡೋಣ ಅಂತ ಕಾರ್ಖಾನೆಯವರು ಅಂದರು. ಹಳೇ ಇಟ್ಟಿಗೆಗೆ ಹೊಸದು ಒಂದಾಗಿ ಹಿಡಿಯೋದು ಕಷ್ಟ. ಎತ್ತರ ಇಳಿಸಿ ಅಂದೆ. "ತೂಕ ಕಮ್ಮಿ ಆದರೆ ಇನ್ನೂ ಅಪಾಯ ಅಲ್ವಾ?" ಅಂತ ಕೇಳಿದರು. ತೂಕ ಎತ್ತರದ ಜೊತೆ ಇಳಿಯುತ್ತೆ, ಮೊಮೆಂಟ್ ಎತ್ತರದ ವರ್ಗದ ಹಾಗೆ ಇಳಿಯುತ್ತೆ. ಅದಕ್ಕೇ 17 ಮೀಟರಿಗೆ ಆ ದೂರ 0.426 ಆಯ್ತು. ಎಳೆತ ಹೋಯ್ತು, ಗರಿಷ್ಠ ಒತ್ತಡ ಚದರಮೀಟರಿಗೆ ಸುಮಾರು 675 ಕಿಲೋನ್ಯೂಟನ್. ಮೇಲಿನ ಮೂರು ಮೀಟರನ್ನ ಸಾಲು ಸಾಲಾಗಿ ಕೈಯಿಂದಲೇ ಬಿಚ್ಚಿಸಿದೆವು.