ಮಳೆಗೆ ಮಂಟಪ ಬದಲಾದರೆ ನೆಂಟರಿಗೆ ಹೇಳುವುದು ಹೇಗೆ?

ಮೇ ತಿಂಗಳಲ್ಲಿ ಕಾರಟಗಿ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ ಇತ್ತು. ಮನೆ ಹಿಂದಿನ ಹೊಲದಲ್ಲೇ ಪೆಂಡಾಲ್. ಹಿಂದಿನ ದಿನ ಸಂಜೆ ಗಾಳಿ ಎದ್ದಿತು, ಆಮೇಲೆ ಎರಡು ತಾಸು ಜೋರು ಮಳೆ. ಎರೆ ಭೂಮಿ ನೆನೆದರೆ ಹೇಗಿರುತ್ತದೆ ಗೊತ್ತಲ್ಲ, ಕಾಲು ಎತ್ತಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಕಂಬಗಳ ಬುಡ ಸಡಿಲಾಗಿ ಪೆಂಡಾಲ್ ವಾಲಿತು. ರಾತ್ರಿ ಎಂಟಕ್ಕೆ ಕಾರಟಗಿಯಲ್ಲಿ ಒಂದು ಕಲ್ಯಾಣ ಮಂಟಪ ಸಿಕ್ಕಿತು. ಅಕ್ಕಿಕಾಳು ಮರುದಿನ 11.45ಕ್ಕೆ. ಕಾರ್ಡು ಹೋಗಿದ್ದು ಐನೂರು ಜನಕ್ಕೆ.

ಮೊದಲ ತಪ್ಪು ನಾನೇ ಮಾಡಿದೆ. ಗಡಿಬಿಡಿಯಲ್ಲಿ ‘ನಾಳೆ ಮದುವೆ ಕಾರಟಗಿಯಲ್ಲಿ’ ಎಂದು ವಾಟ್ಸಾಪ್‌ಗೆ ಹಾಕಿಬಿಟ್ಟೆ. ಸಿಂಧನೂರಿನ ಚಿಗವ್ವ ಅದನ್ನು ನೋಡಿದ್ದು ಮರುದಿನ ಬೆಳಿಗ್ಗೆ. ಮದುವೆ ಒಂದು ದಿನ ಮುಂದೆ ಹೋಯಿತು ಅಂದುಕೊಂಡು ಸುಮ್ನೆ ಕೂತಿದ್ದರು. ಇಂಥ ಸುದ್ದಿಯಲ್ಲಿ ‘ನಾಳೆ’, ‘ಇವತ್ತು’ ಬೇಡ. ವಾರದ ಹೆಸರು ಬರೆಯಿರಿ. ನೀವು ಬರೆದ ಹೊತ್ತನ್ನೂ ಹಾಕಿ. ಮುಂದಕ್ಕೆ ಕಳಿಸಿದ ಮೆಸೇಜಿನಲ್ಲಿ ಕಾಣುವುದು ಕಳಿಸಿದವರ ಟೈಮು, ನಿಮ್ಮದಲ್ಲ.

ಎರಡನೇ ಸಲ ಬರೆದದ್ದು ಹೀಗಿತ್ತು:

“ಬುಧವಾರ ರಾತ್ರಿ 9ರ ಸುದ್ದಿ. ಮಳೆಯಿಂದ ಪೆಂಡಾಲ್ ವಾಲಿದೆ. ಗುರುವಾರದ ಮದುವೆ ಇದೆ, ಮುಹೂರ್ತ ಅದೇ 11.45. ಜಾಗ ಮಾತ್ರ ಬೇರೆ. ಊರಿಗೆ ಬರಬೇಡಿ, ಕಾರಟಗಿ ಬಸ್ ಸ್ಟ್ಯಾಂಡ್ ಹತ್ತಿರದ ಕಲ್ಯಾಣ ಮಂಟಪಕ್ಕೆ ಬನ್ನಿ. ಓದಿದವರು ‘ತಿಳೀತು’ ಅಂತ ಬರೆಯಿರಿ.”

ಇದರ ಕೆಳಗೆ ಮಂಟಪದ ಹೆಸರು, ಎರಡು ಫೋನ್ ನಂಬರು, ಆಮೇಲೆ ಲೊಕೇಶನ್. ಕಾರ್ಡಿನ ಫೋಟೊ ತಿದ್ದಿ ಕಳಿಸುವ ಆಸೆ ಬೇಡ. ಮಳೆಯಲ್ಲಿ ನೆಟ್‌ವರ್ಕ್ ಮಂದ ಇದ್ದರೆ ಫೋಟೊ ತೆರೆಯುವುದಿಲ್ಲ, ತೆರೆದರೂ ಹಳೇ ಕಾರ್ಡೇ ಇದು ಅಂತ ಬಿಟ್ಟುಬಿಡುತ್ತಾರೆ. ಓದಲು ಬಾರದ ಹಿರಿಯರಿಗೆ ಇದೇ ಮಾತನ್ನು ಮನೆಯ ದೊಡ್ಡವರ ದನಿಯಲ್ಲಿ ವಾಯ್ಸ್ ಮೆಸೇಜ್ ಮಾಡಿ.

ಮಳೆ ಎಂಬ ಕಾರಣವನ್ನು ಬಿಡಬೇಡಿ. ಕಾರಣ ಇಲ್ಲದೆ ಜಾಗ ಬದಲಾದರೆ ‘ಬೀಗರಿಗೂ ಇವರಿಗೂ ಏನೋ ಆಗ್ಯದಂತ’ ಅನ್ನುವ ಸುದ್ದಿ ನಿಮ್ಮ ಮೆಸೇಜಿಗಿಂತ ಮೊದಲೇ ಸಿರುಗುಪ್ಪ ಮುಟ್ಟುತ್ತದೆ. ಅದಕ್ಕೇ ಬೀಗರಿಗೆ ಎಲ್ಲರಿಗಿಂತ ಮೊದಲು ಫೋನ್ ಮಾಡಬೇಕು. ಎರಡೂ ಕಡೆಯಿಂದ ಅದೇ ಮಾತು, ಅದೇ ಅಕ್ಷರ ಹೋಗಬೇಕು.

ಇನ್ನು ಬ್ರಾಡ್‌ಕಾಸ್ಟ್ ಲಿಸ್ಟ್. ಒಂದು ಲಿಸ್ಟಿಗೆ 256 ಜನರನ್ನು ಹಾಕಬಹುದು ನಿಜ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ಮುಟ್ಟುತ್ತದೆ. ದೂರದ ನೆಂಟರಲ್ಲಿ ಎಷ್ಟು ಜನ ಸೇವ್ ಮಾಡಿಕೊಂಡಿರುತ್ತಾರೆ? ಬೂದು ಬಣ್ಣದ ಒಂದೇ ಟಿಕ್ ಇದ್ದರೆ ಮುಟ್ಟಿಲ್ಲ ಎಂದರ್ಥ. ಎರಡು ಟಿಕ್ ಇದ್ದರೆ ಮೊಬೈಲಿಗೆ ಮುಟ್ಟಿದೆ, ಮನುಷ್ಯರಿಗೆ ಅಲ್ಲ. ‘ತಿಳೀತು’ ಬಂದರೆ ಮಾತ್ರ ಹೆಸರಿನ ಮುಂದೆ ಗೆರೆ ಹಾಕಿ.

ಹಾಗಂತ ಐನೂರು ಫೋನ್ ಮಾಡಲು ಆಗುತ್ತದೆಯೇ? ಅಷ್ಟು ಬೇಕಾಗಿಯೂ ಇಲ್ಲ. ತಲೆ ಎಣಿಸುವ ಬದಲು ಗಾಡಿ ಎಣಿಸಿ. ಕ್ರೂಸರ್, ಟೆಂಪೊ, ಕಾರು ಎಲ್ಲ ಸೇರಿ ನಮ್ಮಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 38. ಒಂದೊಂದು ಗಾಡಿಗೂ ಒಬ್ಬ ಹಿರಿಯರು, ಒಬ್ಬ ಡ್ರೈವರ್. ಇಬ್ಬರಿಗೂ ಫೋನ್ ಮಾಡಿದೆವು. ಹಿರಿಯರು ಮಲಗಿದ್ದರೂ ಡ್ರೈವರ್ ಎತ್ತುತ್ತಾನೆ. ದೂರದವರಿಗೆ ಮೊದಲು, ಏಕೆಂದರೆ ಅವರು ನಸುಕಿನಲ್ಲೇ ಹೊರಡುತ್ತಾರೆ. ನಾಲ್ವರು ಹಂಚಿಕೊಂಡೆವು, ಹತ್ತೂವರೆಗೆ ಮುಗಿಯಿತು. ಊರಿನವರಿಗೆ ಗುಡಿಯ ಮೈಕ್ ಸಾಕಾಯಿತು.

ಉಳಿದವರು ಬಸ್ಸಿನವರು. ಅವರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಅವರಿಗಾಗಿ ಊರಿನ ಕ್ರಾಸಿನಲ್ಲಿ ಇಬ್ಬರು ಹುಡುಗರು, ಒಂದು ಟಂಟಂ ಬೆಳಿಗ್ಗೆ ಏಳರಿಂದಲೇ ಇರಲಿ. ಹಳೇ ಪೆಂಡಾಲ್ ಹತ್ತಿರವೂ ಒಬ್ಬರು ಬೇಕು. ನಾವು ಅಲ್ಲಿ ಯಾರನ್ನೂ ಬಿಡಲಿಲ್ಲ. ಹನ್ನೊಂದಕ್ಕೆ ಫೋನ್ ಬಂತು: “ಯಣ್ಣಾ, ನಾವು ಪೆಂಡಾಲಿನಾಗ ನಿಂತೀವಿ, ಇಲ್ಲಿ ಒಂದು ನರಪಿಳ್ಳೆ ಇಲ್ಲ.”

ಮದುವೆಗೆ ಮುಹೂರ್ತ ಕಟ್ಟಿದ್ದರಿಂದ ಜಾಗ ಬದಲಿಸಿದೆವು. ಕುಬಸ, ಹುಟ್ಟುಹಬ್ಬ, ಸನ್ಮಾನವಾದರೆ ದಿನವನ್ನೇ ಬದಲಿಸಬಹುದು. ಆಗ ‘ಗುರುವಾರ ಕುಬಸ ಇಲ್ಲ, ಯಾರೂ ಹೊರಡಬೇಡಿ, ಹೊಸ ದಿನ ಫೋನ್ ಮಾಡಿ ಹೇಳುತ್ತೇವೆ’ ಅಂದರೆ ಸಾಕು. ಅಯ್ಯನವರು, ಅಡುಗೆಯವರು, ಜಾಗ ಮೂರೂ ಗಟ್ಟಿಯಾಗುವ ತನಕ ಹೊಸ ತಾರೀಖು ಬಾಯಿಬಿಡಬೇಡಿ. ಎರಡನೇ ಸಲ ಬದಲಾದರೆ ಯಾರೂ ನಂಬುವುದಿಲ್ಲ.

ಕ್ರಾಸಿನಲ್ಲಿ ನಿಂತ ಹುಡುಗರಿಗೆ ಊಟ ಕಳಿಸುವುದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ. ನಮಗೆ ನೆನಪಾಗಿದ್ದು ಸಂಜೆ ನಾಲ್ಕಕ್ಕೆ.