ಅರ್ಧ ಕಪ್ ಚಹಾ ಯಾಕೆ ಉಳಿಯಿತು?

ಬಾಗಲಕೋಟೆಯ ಒಬ್ಬ ಚಹಾ ಪುಡಿ ವ್ಯಾಪಾರಿ ನನ್ನನ್ನು ಕರೆದಿದ್ದರು. ಅವರದೇ ಪ್ಯಾಕೆಟ್, ಸುತ್ತಲಿನ ಊರುಗಳಲ್ಲಿ ಚೆನ್ನಾಗಿ ಹೋಗುತ್ತಿತ್ತು. ಈಗಿನ ಸಣ್ಣ ಪುಡಿಗೆ ಸ್ವಲ್ಪ ದಪ್ಪ ಕಾಳು ಬೆರೆಸಿ ಘಮ ಹೆಚ್ಚಿಸಬೇಕು ಅನ್ನೋದು ಅವರ ಆಸೆ. ಅದಕ್ಕೂ ಮೊದಲು, ಜನ ಈ ಪುಡಿಯನ್ನೇ ಯಾಕೆ ಹಿಡಿದುಕೊಂಡಿದ್ದಾರೆ ಅಂತ ತಿಳಿಯಬೇಕಿತ್ತು. ನಾನು ಲ್ಯಾಡರಿಂಗ್ ಮಾಡೋಣ ಅಂದೆ.

ಲ್ಯಾಡರಿಂಗ್ ಅಂದ್ರೆ ಏಣಿ ಹತ್ತಿಸುವುದು. ಕೆಳಗಿನ ಮೆಟ್ಟಿಲು ವಸ್ತುವಿನ ಗುಣ. ನಡುವಿನದು ಅದರಿಂದ ಆಗುವ ಅನುಕೂಲ. ಮೇಲಿನದು ಆ ಅನುಕೂಲ ಅವರ ಬದುಕಿನಲ್ಲಿ ಯಾವುದನ್ನು ಕಾಯುತ್ತದೆ ಅನ್ನೋದು. ಮಾರುಕಟ್ಟೆ ಸಂಶೋಧಕರಾದ ರೆನಾಲ್ಡ್ಸ್ ಮತ್ತು ಗಟ್ಮನ್ 1988ರಲ್ಲಿ ಈ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದಾರೆ. 'ಇದು ನಿಮಗೆ ಯಾಕೆ ಮುಖ್ಯ?' ಅಂತ ಮತ್ತೆ ಮತ್ತೆ ಕೇಳುವುದೇ ಅದರ ಜೀವಾಳ.

ನಾನು ಎಡವಿದ್ದೂ ಅಲ್ಲೇ. ನವನಗರದ ಮೊದಲ ಮೂರು ಮನೆಗಳಲ್ಲಿ 'ಯಾಕ್ರಿ? ಯಾಕ್ರಿ?' ಅಂತ ಕೇಳುತ್ತಾ ಹೋದೆ. ನಾಲ್ಕನೇ 'ಯಾಕ್ರಿ'ಗೆ ಅವರ ಮುಖ ಬಿಗಿಯಿತು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ತಪ್ಪಿಸಿಕೊಳ್ಳಲು ಮೂವರೂ ಒಂದೇ ಮಾತು ಹೇಳಿದರು: 'ಮನಿ ಮಂದಿ ಖುಷಿ ಇರ್ಬೇಕಲ್ರಿ.' ಪುಡಿಯಿಂದ ಒಂದೇ ನೆಗೆತಕ್ಕೆ ಖುಷಿ! ಸೋಪಿಗೂ ಎಣ್ಣೆಗೂ ಇದೇ ಉತ್ತರ ಕೊಡಬಹುದು. ಹಾಗಾದರೆ ನಡುವಿನ ಮೆಟ್ಟಿಲು ತಪ್ಪಿದೆ ಅಂತಲೇ ಅರ್ಥ. ಆ ಮೂರನ್ನೂ ಬಿಟ್ಟುಬಿಟ್ಟೆ.

ಆಮೇಲೆ ಪ್ರಶ್ನೆಯ ರೂಪ ಬದಲಿಸಿದೆ. ಮೂರು ಪುಡಿಗಳನ್ನು ಮುಂದಿಟ್ಟು, 'ಇದರಾಗ ಯಾವ ಎರಡು ಒಂದೇ ಥರ, ಯಾವುದು ಬ್ಯಾರೆ?' ಅಂತ ಶುರು ಮಾಡುತ್ತಿದ್ದೆ. 'ಯಾಕೆ' ಬದಲು 'ಹಂಗಾದ್ರ ಏನಾಕ್ಕೈತ್ರಿ?' ಅಂತ ಕೇಳುತ್ತಿದ್ದೆ. ಅತ್ತೆಯವರು ಪಕ್ಕದಲ್ಲಿ ಕೂತಿದ್ದರೆ ಸುಮ್ನೆ ಚಹಾ ಕುಡಿದು, ಇನ್ನೊಂದು ದಿನ ಬರುತ್ತಿದ್ದೆ.

ಒಬ್ಬ ಅಕ್ಕನ ಜೊತೆಗಿನ ಮಾತು ಹೀಗೆ ಸಾಗಿತು.

'ಈ ಪುಡಿ ಲಗೂನ ಬಣ್ಣ ಬಿಡ್ತೈತಿ, ತಂಗಿ.'

'ಬಣ್ಣ ಬಿಟ್ರ ಏನ್ ಅನುಕೂಲ್ರಿ, ಅಕ್ಕಾರ?'

'ಚಹಾ ಕುದಿಯೂ ಹೊತ್ತಿಗೆ ಯಾರರ ಬಂದ್ರಂದ್ರ, ಇನ್ನೊಂದು ಲೋಟ ನೀರು ಹಾಕಿದ್ರೂ ನಡೀತೈತಿ.'

'ನಡೀಲಿಲ್ಲಂದ್ರ?'

'ತೆಳ್ಳನ ಚಹಾ ಹೆಂಗ ಕೊಡೂದು? ಬಂದವರನ್ನ ಹಗುರ ಮಾಡಿದಂಗ ಆಕ್ಕೈತಿ.'

'ಹಗುರ ಮಾಡಿದಂಗ ಆದ್ರ?'

'ಅಷ್ಟ, ಮತ್ತೇನೈತಿ.'

ಇಲ್ಲಿ ಮತ್ತೆ ತಳ್ಳಿದರೆ ಖುಷಿಯ ಮಾತೇ ಬರುತ್ತಿತ್ತು. ಹಾಗಾಗಿ ಮೆಟ್ಟಿಲು ಬಿಟ್ಟು ಘಟನೆ ಕೇಳಿದೆ: 'ಎಂದರ ಹಂಗ ಆಗಿತ್ತೇನ್ರಿ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಬಾಯಿ ಬಿಡಲಿಲ್ಲ. ಆ ಮೌನ ತಡೆದುಕೊಳ್ಳೋದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ.

ಲಗ್ನಪತ್ರಿಕೆ ಕೊಡಲು ಗಂಡನ ಊರಿನವರು ಬಂದಿದ್ದರಂತೆ. ಮನೆಯಲ್ಲಿ ಪುಡಿ ಖಾಲಿ. ಪಕ್ಕದ ಮನೆಯಿಂದ ಬೇರೆ ಪುಡಿ ಕಡ ತಂದು ಮಾಡಿದರು. ಒಬ್ಬ ಹಿರಿಯರು ಎರಡು ಗುಟುಕು ಕುಡಿದು, ಅರ್ಧ ಕಪ್ ಹಾಗೇ ಕೆಳಗಿಟ್ಟರು. ಯಾರೂ ಏನೂ ಅನ್ನಲಿಲ್ಲ. 'ಈ ಮನಿ ನಡಸಾಕಿ ನಾನು. ಡಬ್ಬಿ ಖಾಲಿ ಆಗಿದ್ದು ನನಗ ಗೊತ್ತಾಗ್ಲಿಲ್ಲಲ್ಲ ಅನಿಸ್ತು' ಅಂದರು.

ಮನೆಗೆ ಬಂದು ಈ ಕೊನೆಯ ಮಾತಿಗೆ 'ಮರ್ಯಾದೆ' ಅಂತ ಚೀಟಿ ಹಚ್ಚಿದೆ. ರೆಕಾರ್ಡಿಂಗ್ ಮತ್ತೆ ಕೇಳಿದಾಗ ತಪ್ಪು ತಿಳಿಯಿತು. ಮಂದಿ ಏನಂದಾರು ಅನ್ನುವ ಅಂಜಿಕೆ ಅದಕ್ಕೂ ಕೆಳಗಿನ ಮೆಟ್ಟಿಲಿನಲ್ಲೇ, 'ಹಗುರ' ಅನ್ನುವಲ್ಲೇ, ಇತ್ತು. ಮೇಲಿದ್ದದ್ದು ಬೇರೆ: ಮನೆ ನನ್ನ ಕೈಯಲ್ಲಿ ಸರಿಯಾಗಿ ನಡೀತಿದೆ ಅನ್ನುವ ಹೆಮ್ಮೆ. ಎರಡನ್ನೂ ಒಂದೇ ಚೀಟಿಗೆ ಸೇರಿಸಿದ್ದರೆ ಇಡೀ ಏಣಿ ಹಾಳಾಗುತ್ತಿತ್ತು.

ಒಟ್ಟು 16 ಏಣಿಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಇಳಿಸಿದೆ. ಯಾವ ಮಾತಿನಿಂದ ಯಾವ ಮಾತಿಗೆ ನೇರ ದಾಟಿದರು ಅಂತ ಗೆರೆ ಎಳೆದು ಎಣಿಸಿದೆ. ಮೂರಕ್ಕಿಂತ ಕಡಿಮೆ ಸಲ ಬಂದ ದಾರಿಗಳನ್ನು ಅಳಿಸಿದೆ. ಬಣ್ಣದಿಂದ 'ಇನ್ನೊಂದು ಲೋಟ ನೀರು', ಅಲ್ಲಿಂದ 'ಬಂದವರನ್ನ ಹಗುರ ಮಾಡಿದಂಗ', ಅಲ್ಲಿಂದ 'ಮನಿ ನಡಸಾಕಿ': ಈ ದಾರಿ ದಪ್ಪಗೆ ಉಳಿಯಿತು. ಘಮದ ಏಣಿ ಮಾತ್ರ 'ಕುಡಿಯಾಕ ಚಲೋ' ಅನ್ನುವಲ್ಲೇ ನಿಂತಿತ್ತು.

ವ್ಯಾಪಾರಿ ಹಾಳೆ ನೋಡಿ, 'ಹಂಗಾರ ಊರಾಗಿನ ಎಷ್ಟು ಮಂದಿ ಹಿಂಗ ಅಂತಾರ?' ಅಂದರು. ಅದನ್ನು ಈ ಹಾಳೆ ಹೇಳುವುದಿಲ್ಲ, ಅದಕ್ಕೆ ದೊಡ್ಡ ಸರ್ವೆ ಬೇಕು ಅಂದೆ. ಆದರೆ ದಪ್ಪ ಕಾಳು ಬೆರೆಸಿದರೆ ಬಣ್ಣ ತಡವಾಗಿ ಬಿಡುತ್ತದೆ, ಅದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. 'ಮನೆಯ ಹೆಮ್ಮೆ' ಅಂತ ಪ್ಯಾಕೆಟ್ ಮೇಲೆ ಹಾಕಿಸಲಾ ಅಂತಲೂ ಕೇಳಿದರು. ಬೇಡ ಅಂದೆ. ಆ ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದು ಹೇಳಿದ್ದನ್ನು ಪ್ಯಾಕೆಟ್ ಒದರಿ ಹೇಳಿದರೆ ಅವರೇ ನಕ್ಕಾರು. ಕೊನೆಗೆ ವ್ಯಾಪಾರಿ ಪುಡಿಯನ್ನು ಇದ್ದ ಹಾಗೇ ಬಿಟ್ಟರು. ಹೊಸದಾಗಿ ಮಾಡಿದ್ದು ಒಂದೇ: ಡಬ್ಬಿ ಖಾಲಿಯಾದ ದಿನಕ್ಕೆ ಅಂತ, ಓಣಿಯ ಅಂಗಡಿಗಳಲ್ಲಿ ತೂಗುಹಾಕುವ ಸಣ್ಣ ಪಾಕೀಟು.